ಚಿಕ್ಕ ಫೋಟೋ: ಮೊದಲು ದೊಡ್ಡದು ಮಾಡಬೇಕಾ, ಮೊದಲು ಕಟ್ ಮಾಡಬೇಕಾ?

ಪ್ರಶ್ನೆ

ನಮಸ್ಕಾರ. ನಮ್ಮ ತಾತ ತೀರಿಕೊಂಡಿದ್ದಾರೆ. ವೈಕುಂಠ ಸಮಾರಾಧನೆಗೆ 12x18 ಇಂಚಿನ ಫ್ರೇಮ್ ಹಾಕಿಸಬೇಕು. ಚೆನ್ನಾಗಿರೋ ಫೋಟೋ ಒಂದೇ ಇದೆ. ಮದುವೆ ಮನೆಯಲ್ಲಿ ಮೂರು ಜನ ನಿಂತಿದ್ದು, ವಾಟ್ಸಾಪ್‌ನಲ್ಲಿ ಬಂದಿದ್ದು. ತಾತನನ್ನು ಮಾತ್ರ ಕ್ರಾಪ್ ಮಾಡಿದರೆ 600x800 ಪಿಕ್ಸೆಲ್ ಬರುತ್ತದೆ. ಬಿಳಿ ಪೇಟ, ಬಿಳಿ ಶರ್ಟ್, ಹಿಂದೆ ಮಂಟಪದ ಹಸಿರು ಬಟ್ಟೆ. ಆ ಹಸಿರು ತೆಗೆದು ತಿಳಿ ಬಣ್ಣದ ಬ್ಯಾಕ್‌ಗ್ರೌಂಡ್ ಹಾಕಬೇಕು. ಚಿಕ್ಕದಿದ್ದಾಗಲೇ ಕಟ್ ಮಾಡಿ ಆಮೇಲೆ ದೊಡ್ಡದು ಮಾಡಿದೆ, ಭುಜದ ಅಂಚು ಅಲೆ ಅಲೆಯಾಗಿ ಕಾಣುತ್ತಿದೆ. ಉಲ್ಟಾ ಮಾಡಬೇಕಿತ್ತಾ? ಫೋಟೋಶಾಪ್ ಬಳಸುತ್ತೇನೆ.

ಪಾಸ್‌ಪೋರ್ಟ್ ಫೋಟೋ ಅಂಗಡಿಯವರು

ಮೇಡಂ, ನಾವು ದಿನಾ ಮೊದಲು ಕಟ್ ಮಾಡಿಯೇ ಆಮೇಲೆ ಸೈಜ್ ಬದಲಾಯಿಸುವುದು. ಚಿಕ್ಕ ಫೈಲ್‌ನಲ್ಲಿ ಸೆಲೆಕ್ಷನ್ ಬೇಗ ಆಗುತ್ತದೆ, ಕಂಪ್ಯೂಟರ್ ಕೂಡ ನಿಲ್ಲುವುದಿಲ್ಲ. ಅಂಚು ಯಾವತ್ತೂ ಕೆಟ್ಟಿಲ್ಲ.

ಇನ್ನೊಬ್ಬರು

72 ಡಿಪಿಐ ಇದ್ದರೆ ಹಾಗೇ ಆಗುವುದು. Image Size ಒಳಗೆ 300 ಮಾಡಿ, ಸರಿಹೋಗುತ್ತದೆ.

ಕೇಳಿದವರು

300 ಮಾಡಿದ್ದೆ ಸರ್. ಫೋಟೋ ಹಾಗೇ ಇದೆ, ಇಂಚಿನ ಲೆಕ್ಕ ಮಾತ್ರ ಕಮ್ಮಿ ಆಯಿತು.

ರೀಟಚಿಂಗ್ ಕೆಲಸದವರು, ದಾವಣಗೆರೆ

ನಿಮ್ಮ ಕೆಲಸಕ್ಕೆ ಮೊದಲು ದೊಡ್ಡದು ಮಾಡುವುದೇ ಸರಿ ಮೇಡಂ. ಪಾಸ್‌ಪೋರ್ಟ್ ಅಂಗಡಿಯ ಅಣ್ಣ ಹೇಳಿದ್ದು ಅವರ ಕೆಲಸಕ್ಕೆ ಸರಿ. ಅವರ ಹತ್ತಿರ ಕ್ಯಾಮೆರಾದ ದೊಡ್ಡ ಫೈಲ್ ಇರುತ್ತದೆ, ಕಟ್ ಮಾಡಿದ ಮೇಲೆ ಚಿಕ್ಕದು ಮಾಡುತ್ತಾರೆ. ಚಿಕ್ಕದು ಮಾಡುವಾಗ ಅಂಚಿನ ತಪ್ಪೂ ಚಿಕ್ಕದಾಗಿ ಮುಚ್ಚಿಹೋಗುತ್ತದೆ. ನಿಮ್ಮಲ್ಲಿ ಅದೇ ತಪ್ಪು ನಾಲ್ಕು ಪಟ್ಟು ಬೆಳೆಯುತ್ತದೆ.

ಯಾಕೆ ಅಂತ ನೀವೇ ನೋಡಬಹುದು. ನಿಮ್ಮ 600x800 ಫೋಟೋ ತೆಗೆದು, ಶರ್ಟಿನ ಭುಜ ಹಸಿರು ಬಟ್ಟೆಗೆ ತಾಗುವ ಕಡೆ 800% ಝೂಮ್ ಮಾಡಿ. ಬಿಳಿ, ಬಿಳಿ, ಹಸಿರು ಬೆರೆತ ಬಿಳಿ, ತಿಳಿ ಹಸಿರು, ಆಮೇಲೆ ಪೂರ್ತಿ ಹಸಿರು. ನಡುವಿನ ಆ ಎರಡು ಪಿಕ್ಸೆಲ್ ಶರ್ಟೂ ಅಲ್ಲ, ಬಟ್ಟೆಯೂ ಅಲ್ಲ. ಅಂಚು ಎಲ್ಲಿದೆ ಅಂತ ನೀವು ನಿರ್ಧಾರ ಮಾಡಬೇಕಾದ್ದು ಈ ಎರಡು ಪಿಕ್ಸೆಲ್ ಒಳಗೇ. ಚಿಕ್ಕ ಫೈಲ್‌ನಲ್ಲಿ ಸೆಲೆಕ್ಷನ್ ಒಂದು ಸಾಲಿನಲ್ಲಿ ಸರಿಯಾಗಿದ್ದು, ಮುಂದಿನ ಸಾಲಿನಲ್ಲಿ ಒಂದು ಪಿಕ್ಸೆಲ್ ಹೊರಗೆ ಹೋಯಿತು ಅಂದುಕೊಳ್ಳಿ. ಆಗ ಗೊತ್ತೇ ಆಗುವುದಿಲ್ಲ. 4 ಪಟ್ಟು ಮಾಡಿದಾಗ ಅದು 4 ಪಿಕ್ಸೆಲ್‌ನ ಏರುಪೇರು. 200 ಪಿಪಿಐನಲ್ಲಿ ಪ್ರಿಂಟ್ ಆದರೆ ಅರ್ಧ ಮಿಲಿಮೀಟರ್. ಓರೆಯಾಗಿ ಇಳಿಯುವ ಭುಜದ ಗೆರೆಯಲ್ಲಿ ಅದು ಸಾಲಾಗಿ ಬರುತ್ತದೆ. ನಿಮಗೆ ಕಾಣುತ್ತಿರುವ ಅಲೆ ಇದೇ.

ಮೊದಲೇ ದೊಡ್ಡದು ಮಾಡಿದರೆ ಆ ಎರಡು ಪಿಕ್ಸೆಲ್ ಎಂಟು ಪಿಕ್ಸೆಲ್ ಅಗಲದ ಪಟ್ಟಿ ಆಗುತ್ತದೆ. ಹೊಸ ವಿವರ ಏನೂ ಹುಟ್ಟುವುದಿಲ್ಲ, ಅದು ನಿಜ. ಆದರೆ ಗೆರೆ ಎಲ್ಲಿ ಹಾಕಬೇಕು ಅಂತ ಆರಿಸಲು ಜಾಗ ಸಿಗುತ್ತದೆ. ಎಂಟರಲ್ಲಿ ಮೂರನೆಯದರ ಮೇಲೆ ಒಂದೇ ಸಮನಾದ ಗೆರೆ ಎಳೆಯಬಹುದು.

ಫ್ಲೆಕ್ಸ್ ಡಿಸೈನರ್

ಒಂದು ಮಾತು ಸರ್. ಪೆನ್ ಟೂಲ್‌ನಲ್ಲಿ ಪಾತ್ ಹಾಕಿದರೆ ಎರಡೂ ಒಂದೇ ಅಲ್ವಾ? ಪಾತ್‌ಗೆ ಪಿಕ್ಸೆಲ್ಲೇ ಇಲ್ಲ. Image Size ಬದಲಾಯಿಸಿದರೆ ಪಾತ್ ಕೂಡ ಜೊತೆಗೇ ದೊಡ್ಡದಾಗುತ್ತದೆ, ಒಡೆಯುವುದಿಲ್ಲ. ನಾನು ಜಾತ್ರೆ ಫ್ಲೆಕ್ಸ್‌ಗೆ ಚಿಕ್ಕ ಫೋಟೋದಲ್ಲೇ ಪಾತ್ ಹಾಕಿ 10 ಅಡಿಗೆ ಏರಿಸುತ್ತೇನೆ.

ರೀಟಚಿಂಗ್ ಕೆಲಸದವರು

ಪಾತ್ ಒಡೆಯುವುದಿಲ್ಲ ಅನ್ನುವುದು ಸರಿ. ಆದರೆ ಪಾಯಿಂಟ್ ಇಡುವುದು ನಿಮ್ಮ ಕಣ್ಣು. ಚಿಕ್ಕ ಫೋಟೋದಲ್ಲಿ ಝೂಮ್ ಮಾಡಿದಾಗ ಕಾಣುವುದು ಚೌಕ ಚೌಕದ ಮೆಟ್ಟಿಲು. ಕೈ ತಾನಾಗೇ ಆ ಮೆಟ್ಟಿಲನ್ನೇ ಹಿಂಬಾಲಿಸುತ್ತದೆ. ದೊಡ್ಡದು ಮಾಡಿದ ಫೋಟೋದಲ್ಲಿ ಅಂಚು ಮಸುಕಾಗಿದ್ದರೂ ಗೆರೆ ಹೋಗುವ ದಾರಿ ನೇರವಾಗಿ ಕಾಣುತ್ತದೆ. ಕಮ್ಮಿ ಪಾಯಿಂಟ್ ಸಾಕಾಗುತ್ತದೆ. ಇನ್ನು ಫ್ಲೆಕ್ಸನ್ನು ಜನ 20 ಅಡಿ ದೂರದಿಂದ ನೋಡುತ್ತಾರೆ, ಅಲ್ಲಿ ಯಾವುದಾದರೂ ನಡೆಯುತ್ತದೆ. ಈ ಫ್ರೇಮ್ ಮುಂದೆ ಮನೆಯವರು ಹತ್ತಿರವೇ ನಿಂತು ಕೈ ಮುಗಿಯುತ್ತಾರೆ.

ಮೇಡಂ, ನಿಮ್ಮ ಫೋಟೋಗೆ ನಾನಾದರೆ ಹೀಗೆ ಮಾಡುತ್ತೇನೆ. Image Size ತೆಗೆದು Resample ಟಿಕ್ ಇಟ್ಟು, Bicubic Smoother ಆರಿಸಿ, 600x800 ಅನ್ನು 2400x3200 ಮಾಡಿ. 12 ಇಂಚಿಗೆ 2400 ಅಂದರೆ 200 ಪಿಪಿಐ, ನಿಮ್ಮ ಫೋಟೋಗೆ ಅಷ್ಟು ಸಾಕು. ಎತ್ತರ 16 ಇಂಚು ಬರುತ್ತದೆ, ಉಳಿದ 2 ಇಂಚನ್ನು ಹೊಸ ಬ್ಯಾಕ್‌ಗ್ರೌಂಡ್‌ನಿಂದ ತುಂಬಿಸಿ. Bicubic Sharper ಬೇಡ, ಅದು ಅಂಚಿನ ಪಕ್ಕ ಬೆಳ್ಳಗೆ ಒಂದು ಗೆರೆ ಎಬ್ಬಿಸುತ್ತದೆ, ಕಟ್ ಮಾಡಿದ ಮೇಲೂ ಅದು ಉಳಿಯುತ್ತದೆ. ಶಾರ್ಪನ್ ಮಾಡುವುದಿದ್ದರೆ ಎಲ್ಲಾ ಮುಗಿದ ಮೇಲೆ, ಅದೂ ಕಣ್ಣು, ಮೀಸೆ ಕಡೆ ಮಾತ್ರ.

ಆಮೇಲೆ ಪೆನ್ ಟೂಲ್‌ನಲ್ಲಿ ಪೇಟ, ಭುಜ, ತೋಳು ಸುತ್ತಿ. ಆ ಮಸುಕು ಪಟ್ಟಿಯ ಮಧ್ಯಕ್ಕಿಂತ ಸ್ವಲ್ಪ ಒಳಗೆ, ಶರ್ಟಿನ ಕಡೆ ಇರಲಿ. ಇರೇಸರ್‌ನಿಂದ ಅಳಿಸಬೇಡಿ. ಪಾತನ್ನು ವೆಕ್ಟರ್ ಮಾಸ್ಕ್ ಮಾಡಿ, ಆಗ Properties ಪ್ಯಾನಲ್‌ನಲ್ಲಿ Feather ಯಾವಾಗ ಬೇಕಾದರೂ ಬದಲಾಯಿಸಬಹುದು.

ಈ ಫೆದರ್ ವಿಷಯ ಮಾತ್ರ ನಿಧಾನವಾಗಿ ನೋಡಿ. ಅಂಚು ಚಾಕುವಿನ ಹಾಗೆ ಹರಿತ ಮಾಡಬೇಡಿ. 4 ಪಟ್ಟು ಹಿಗ್ಗಿದ ಮುಖ ಒಳಗೆಲ್ಲ ಮೆತ್ತಗಿರುತ್ತದೆ. ಸುತ್ತ ಹರಿತ ಗೆರೆ ಬಂದರೆ ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ್ದು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಫೋಟೋ ಒಳಗೇ ಒಂದು ಅಂಚು ಹುಡುಕಿ. ಶರ್ಟಿನ ಕಾಲರ್ ಕುತ್ತಿಗೆಗೆ ತಾಗುವ ಜಾಗ ಒಳ್ಳೆಯದು. ಅಲ್ಲಿ ಬಿಳಿಯಿಂದ ಚರ್ಮದ ಬಣ್ಣಕ್ಕೆ ಬರಲು ಎಷ್ಟು ಪಿಕ್ಸೆಲ್ ಹಿಡಿಯುತ್ತದೆ ಅಂತ ಝೂಮ್ ಮಾಡಿ ನೋಡಿ. ಹೊರಗಿನ ಅಂಚೂ ಅಷ್ಟೇ ಅಗಲಕ್ಕೆ ಮೆತ್ತಗಾಗಬೇಕು. Feather 2 ರಿಂದ ಶುರು ಮಾಡಿ, ಕಾಲರ್ ಜೊತೆ ಹೋಲಿಸಿ ಏರಿಸಿ ಇಳಿಸಿ.

ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್. ಹಾಗೇ ಮಾಡಿದೆ. ಭುಜ ಈಗ ನೇರವಾಗಿದೆ, ಅಲೆ ಹೋಯಿತು. ಆದರೆ ಪೇಟದ ಸುತ್ತ ಹಸಿರು ಛಾಯೆ ಉಳಿದಿದೆ. ಮೊದಲು ಚಿಕ್ಕದಾಗಿ ಕಟ್ ಮಾಡಿದಾಗ ಇಷ್ಟು ಕಾಣುತ್ತಿರಲಿಲ್ಲ.

ರೀಟಚಿಂಗ್ ಕೆಲಸದವರು

ಆಗಲೂ ಇತ್ತು, ಸಣ್ಣದಾಗಿತ್ತು ಅಷ್ಟೇ. ಜೆಪೆಗ್ ಫೈಲ್‌ನಲ್ಲಿ ಬಣ್ಣವನ್ನು ಸಾಮಾನ್ಯವಾಗಿ ಬೆಳಕಿನ ಅರ್ಧದಷ್ಟು ರೆಸಲ್ಯೂಶನ್‌ನಲ್ಲಿ ಇಡುತ್ತಾರೆ. ಬೆಳಕಿನ ಅಂಚು ಸರಿಯಾಗಿದ್ದರೂ ಬಣ್ಣ ಅದನ್ನು ದಾಟಿ ಪೇಟದ ಒಳಗೆ ಒಂದೆರಡು ಪಿಕ್ಸೆಲ್ ಹರಿದಿರುತ್ತದೆ. ಈಗ ಅದು ನಾಲ್ಕರಿಂದ ಎಂಟು ಪಿಕ್ಸೆಲ್ ಆಗಿದೆ.

ಇದಕ್ಕೆ ಪಾತನ್ನು ಇನ್ನೂ ಒಳಗೆ ಎಳೆಯಬೇಡಿ. ಪೇಟ ಸಣ್ಣದಾಗುತ್ತದೆ, ಕಿವಿಯ ಅಂಚು ಹೋಗುತ್ತದೆ. ಬದಲಿಗೆ ಮೇಲೆ ಹೊಸ ಲೇಯರ್ ಹಾಕಿ, ತಾತನ ಲೇಯರ್‌ಗೆ ಕ್ಲಿಪ್ ಮಾಡಿ, ಬ್ಲೆಂಡ್ ಮೋಡ್ Color ಇಡಿ. ಆಲ್ಟ್ ಒತ್ತಿ ಪೇಟದ ಒಳಗಿನ ಶುದ್ಧ ಬಿಳಿಯನ್ನು ಆರಿಸಿಕೊಂಡು, ಮೆತ್ತನೆ ಬ್ರಶ್‌ನಲ್ಲಿ ಅಂಚಿನ ಮೇಲೆ ಸವರಿ. ಬೆಳಕು ನೆರಳು ಹಾಗೇ ಇದ್ದು ಹಸಿರು ಮಾತ್ರ ಹೋಗುತ್ತದೆ. ಕೆನ್ನೆ ಹತ್ತಿರ ಬಂದಾಗ ಅಲ್ಲಿನ ಚರ್ಮದ ಬಣ್ಣ ಆರಿಸಿ. ಪೂರ್ತಿ ಹೋಯಿತಾ ಅಂತ ನೋಡಲು ಕೆಳಗೆ ಒಂದು ಕಡು ಕೆಂಪು ಲೇಯರ್ ಇಟ್ಟು ನೋಡಿ, ಆಮೇಲೆ ಬಿಳಿ ಇಟ್ಟು ನೋಡಿ. ತಿಳಿ ಬ್ಯಾಕ್‌ಗ್ರೌಂಡ್‌ನಲ್ಲಿ ಅಡಗಿದ್ದು ಕೆಂಪಿನ ಮೇಲೆ ಎದ್ದು ಕಾಣುತ್ತದೆ.

ಕಿವಿ ಹತ್ತಿರ ಪೇಟದಿಂದ ಹೊರಗೆ ಬಂದ ಬಿಳಿ ಕೂದಲನ್ನು ಯಾವ ಸೆಲೆಕ್ಷನ್ನೂ ತರುವುದಿಲ್ಲ, 600 ಪಿಕ್ಸೆಲ್‌ನಲ್ಲಿ ಅದು ಇಲ್ಲವೇ ಇಲ್ಲ. ಅಲ್ಲಿ ಪಾತನ್ನು ಬಿಗಿಯಾಗಿ ಹಾಕಿ, ಮೇಲೆ ಬೇರೆ ಲೇಯರ್‌ನಲ್ಲಿ 3 ಪಿಕ್ಸೆಲ್ ಬ್ರಶ್‌ನಿಂದ ನಾಲ್ಕೈದು ಎಳೆ ಬರೆಯಿರಿ. ಬಣ್ಣ ಕೂದಲಿನಿಂದಲೇ ತೆಗೆದುಕೊಳ್ಳಿ. ಜಾಸ್ತಿ ಬೇಡ.

ಫ್ಲೆಕ್ಸ್ ಡಿಸೈನರ್

ಒಂದೇ ಸಲಕ್ಕೆ 4 ಪಟ್ಟು ಮಾಡಬಾರದು, ಸ್ವಲ್ಪ ಸ್ವಲ್ಪವೇ ಏರಿಸಬೇಕು ಅಂತ ನಮ್ಮ ಗುರುಗಳು ಕಲಿಸಿದ್ದು. 10% ಲೆಕ್ಕದಲ್ಲಿ ಏರಿಸಿದರೆ ಅಂಚು ನುಣ್ಣಗೆ ಬರುತ್ತದೆ.

ರೀಟಚಿಂಗ್ ಕೆಲಸದವರು

ನುಣ್ಣಗೆ ಬರುತ್ತದೆ, ಯಾಕೆಂದರೆ ಪ್ರತಿ ಸಲವೂ ಸ್ವಲ್ಪ ಮಸುಕಾಗುತ್ತದೆ. ಪ್ರಿಂಟ್‌ನಲ್ಲಿ ಲಾಭ ನನಗೆ ಕಂಡಿಲ್ಲ. ನಾನು ಒಂದೇ ಸಲ ಮಾಡುತ್ತೇನೆ.

ಫ್ಲೆಕ್ಸ್ ಡಿಸೈನರ್

ನನಗೆ ಕಂಡಿದೆ ಸರ್, ಮುಖದಲ್ಲಿ ಚೌಕದ ಗುರುತು ಕಮ್ಮಿ ಆಗುತ್ತದೆ. ಇರಲಿ, ಒಂದು ದಿನ ಎರಡೂ ಪ್ರಿಂಟ್ ಹಾಕಿ ಇಲ್ಲೇ ತೋರಿಸುತ್ತೇನೆ.

ರೀಟಚಿಂಗ್ ಕೆಲಸದವರು

ಖಂಡಿತ ಹಾಕಿ, ನೋಡೋಣ. ಮೇಡಂ, ನಿಮ್ಮನ್ನು ಒಂದು ಕೇಳಬೇಕು. ಆ ಮದುವೆ ಫೋಟೋ ತೆಗೆದವರು ಯಾರು, ಸ್ಟುಡಿಯೋದವರಾ?

ಕೇಳಿದವರು

ಹೌದು ಸರ್, ಮದುವೆ ಫೋಟೋಗ್ರಾಫರೇ. ಅವರು ಅಣ್ಣನಿಗೆ ಕಳಿಸಿದ್ದನ್ನು ಅಣ್ಣ ನನಗೆ ಕಳಿಸಿದ್ದು. ನನಗೆ ಬಂದಿದ್ದು 1600 ಪಿಕ್ಸೆಲ್ ಅಗಲ ಇದೆ.

ರೀಟಚಿಂಗ್ ಕೆಲಸದವರು

ಹಾಗಾದರೆ ಇವತ್ತೇ ಅವರಿಗೆ ಫೋನ್ ಮಾಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಆಗಿದ್ದರೆ ಫೈಲ್ 6000 ಪಿಕ್ಸೆಲ್ ಅಗಲ ಇರುತ್ತದೆ. ವಾಟ್ಸಾಪ್ ಅದನ್ನು 1600ಕ್ಕೆ ಇಳಿಸಿದೆ. ನಿಮ್ಮ 600 ಪಿಕ್ಸೆಲ್ ಕ್ರಾಪ್ ಅವರ ಫೈಲ್‌ನಲ್ಲಿ ಸುಮಾರು 2250 ಪಿಕ್ಸೆಲ್. ದೊಡ್ಡದು ಮಾಡುವ ಪ್ರಶ್ನೆಯೇ ಹೆಚ್ಚುಕಮ್ಮಿ ಇರುವುದಿಲ್ಲ, ಕಿವಿ ಹತ್ತಿರದ ಕೂದಲೂ ಸಿಗುತ್ತದೆ. ಫೋಟೋ ಅಂತ ಕಳಿಸುವುದು ಬೇಡ, ಡಾಕ್ಯುಮೆಂಟ್ ಅಂತ ಕಳಿಸಿ ಎಂದು ಹೇಳಿ.

ಕೇಳಿದವರು

ಮಾಡಿದೆ ಸರ್. ಹಳೆಯ ಹಾರ್ಡ್ ಡಿಸ್ಕ್ ನೋಡಿ ಹೇಳುತ್ತೇನೆ ಅಂದರು. ಸಿಕ್ಕಿದರೆ ನಾನು ಮಾಡಿದ ಕಟಿಂಗ್ ಎಲ್ಲಾ ಮತ್ತೆ ಮಾಡಬೇಕಾ?

ರೀಟಚಿಂಗ್ ಕೆಲಸದವರು

ಬೇಡ. ಹೊಸ ಫೈಲನ್ನೂ ಅದೇ ಜಾಗಕ್ಕೆ ಕ್ರಾಪ್ ಮಾಡಿ, 2400 ಅಗಲಕ್ಕೆ ತನ್ನಿ. ಈಗಿನ ಫೈಲ್ ಒಳಗೆ ತಾತನ ಲೇಯರ್ ಕೆಳಗೆ ಅದನ್ನು ಇಟ್ಟು, ಮೇಲಿನದರ ಒಪಾಸಿಟಿ ಅರ್ಧ ಮಾಡಿ ಕಣ್ಣಿಗೆ ಕಣ್ಣು ಹೊಂದಿಸಿ. ಆಮೇಲೆ ಆಲ್ಟ್ ಒತ್ತಿ ವೆಕ್ಟರ್ ಮಾಸ್ಕನ್ನು ಹೊಸ ಲೇಯರ್ ಮೇಲೆ ಎಳೆದುಬಿಡಿ, ಪಾತ್ ಹಾಗೇ ಬರುತ್ತದೆ. ಪೇಟದ ಮಡಿಕೆ ಹತ್ತಿರ ಎರಡು ಮೂರು ಪಾಯಿಂಟ್ ಸರಿಸಬೇಕಾಗಬಹುದು. ಫೆದರ್ ಮಾತ್ರ 1ಕ್ಕಿಂತ ಕೆಳಗೆ ಇಳಿಸಿ, ಆ ಫೈಲ್‌ನಲ್ಲಿ ಕಾಲರ್ ಅಂಚು ಇಷ್ಟು ಮೆತ್ತಗೆ ಇರುವುದಿಲ್ಲ.