ನೂರು ಪ್ಲೇಟ್ ಸೇವ್ ಪೂರಿಯ ಲೆಕ್ಕ

"ಅಕ್ಕಾ, ಶನಿವಾರ ಸ್ಕೂಲ್ ಮೇಳದಲ್ಲಿ ನೂರು ಪ್ಲೇಟ್ ಸೇವ್ ಪೂರಿ ಇಡೋಣ ಅಂತಿದ್ದೇವೆ. ಪೂರಿ, ಚಟ್ನಿ, ಮೇಲೆ ಹಾಕೋದು ಎಲ್ಲಾ ಎಷ್ಟೆಷ್ಟು ಬೇಕು?"

ನೋಡಮ್ಮಾ, ಪ್ಲೇಟಿಗೆ ಆರು ಚಪ್ಪಟೆ ಪೂರಿ ಇಟ್ಟುಕೋ, 600 ಆಯಿತು. ಪ್ಯಾಕೆಟ್ ತಳದಲ್ಲಿ ಒಡೆದದ್ದು ಇದ್ದೇ ಇರುತ್ತದೆ, ಅದಕ್ಕೆ 680 ತರಿಸು. ಅಂಗಡಿಯಲ್ಲಿ ತೂಕ ನೋಡಿ ಕೊಳ್ಳಬೇಡ. ಮೊದಲು ಒಂದು ಪ್ಯಾಕೆಟ್ ತಂದು ಎಣಿಸು, ಆಮೇಲೆ ಎಷ್ಟು ಪ್ಯಾಕೆಟ್ ಅಂತ ಹೇಳು. ಮೆತ್ತಗಾಗಿದ್ದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬು.

ಈಗ ಮುಖ್ಯವಾದದ್ದು ಸಿಹಿ ಚಟ್ನಿ. ನಮ್ಮ ಹುಡುಗನ ಸ್ಕೂಲ್ ಮೇಳದಲ್ಲಿ ಅರವತ್ತನೇ ಪ್ಲೇಟಿಗೇ ಅದು ಖಾಲಿಯಾಯಿತು. ಪೂರಿ, ಸೇವ್ ಎಲ್ಲಾ ಇತ್ತು, ಮಕ್ಕಳು ಸಾಲಲ್ಲಿ ನಿಂತಿದ್ದರು, ಚಟ್ನಿ ಮಾತ್ರ ಇಲ್ಲ. ತುಂಬಾ ಬೇಜಾರಾಯಿತು. ಕಾರಣ ಏನು ಗೊತ್ತಾ? ಒಬ್ಬರು ದೊಡ್ಡ ಚಮಚದಲ್ಲಿ ಹಾಕುತ್ತಿದ್ದರು, ಇನ್ನೊಬ್ಬರು ಸೌಟಿನಲ್ಲಿ. ಹಾಗಾಗಿ ಸೌಟು ಮನೆಯಲ್ಲೇ ಬಿಟ್ಟು ಹೋಗು. ಸಿಹಿ ಚಟ್ನಿ ಪ್ಲೇಟಿಗೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 15 ಎಂಎಲ್. ನೂರಕ್ಕೆ ಒಂದೂವರೆ ಲೀಟರ್. ಮಕ್ಕಳು "ಇನ್ನೊಂಚೂರು ಸಿಹಿ" ಅಂತ ಕೇಳೇ ಕೇಳುತ್ತಾರೆ, ಎರಡು ಲೀಟರ್ ಮಾಡು. ಹುಣಸೆಹಣ್ಣು 400 ಗ್ರಾಂ, ಬೆಲ್ಲ 600, ಬೀಜ ತೆಗೆದ ಖರ್ಜೂರ 250 ಸಾಕು. ಚಮಚ ಅದ್ದಿ ತೆಗೆದರೆ ಹಿಂಬದಿಗೆ ಅಂಟಿಕೊಳ್ಳುವಷ್ಟು ಕುದಿಸು. ನೀರಾಗಿದ್ದರೆ ಪ್ಲೇಟ್ ಕೈಗೆ ಹೋಗುವಷ್ಟರಲ್ಲೇ ಪೂರಿ ಮೆತ್ತಗಾಗುತ್ತದೆ. ಇದನ್ನು ಗುರುವಾರವೇ ಮಾಡಿ ಫ್ರಿಜ್‌ನಲ್ಲಿಡಬಹುದು.

ಹಸಿರು ಚಟ್ನಿ ಮಾತ್ರ ಶನಿವಾರ ಬೆಳಗ್ಗೆಯೇ ರುಬ್ಬಬೇಕು. ಪ್ಲೇಟಿಗೆ ಒಂದು ಚಿಕ್ಕ ಚಮಚ, ಮುಕ್ಕಾಲು ಲೀಟರ್ ಧಾರಾಳ. ಜೊತೆಗೆ ಒಂದು ಹಿಡಿ ಹುರಿಗಡಲೆ ಹಾಕಿ ರುಬ್ಬು, ನೀರು ಬೇರೆಯಾಗುವುದಿಲ್ಲ. ಖಾರ ಕಡಿಮೆ ಇರಲಿ, ಜಾಸ್ತಿ ಬೇಕೆನ್ನುವ ದೊಡ್ಡವರಿಗೆ ಮೆಣಸಿನಪುಡಿ ಉದುರಿಸಿ ಕೊಡು.

ಆಲೂಗಡ್ಡೆ ನಾಲ್ಕು ಕೆಜಿ. ಬೇಯಿಸಿ, ಉಪ್ಪು ಹಾಕಿ ಮಸೆದು, ತಟ್ಟೆಯಲ್ಲಿ ಹರಡಿ ಆರಿಸು. ಬಿಸಿ ಇರುವಾಗಲೇ ಮುಚ್ಚಿಟ್ಟರೆ ಬೆವರಿ ಹಳಸಿಬಿಡುತ್ತದೆ. ಈರುಳ್ಳಿ ಎರಡು ಕೆಜಿ ಸಾಕು, ಆದರೆ ರಾತ್ರಿಯೇ ಹೆಚ್ಚಿಡಬೇಡ, ವಾಸನೆ ಬರುತ್ತದೆ. ಟೊಮೆಟೊ ಒಂದೂವರೆ ಕೆಜಿ, ಬೀಜ ತೆಗೆದು ಹೆಚ್ಚು. ಕ್ಯಾರೆಟ್ ತುರಿಗೆ ಒಂದು ಕೆಜಿ. ಸಣ್ಣ ಸೇವ್ ಪ್ಲೇಟಿಗೆ ಒಂದು ಹಿಡಿ, 20 ಗ್ರಾಂ ಆಗುತ್ತದೆ, ಎರಡು ಕೆಜಿ ಬೇಕು. ಕೊತ್ತಂಬರಿ ಸೊಪ್ಪು, ಚಾಟ್ ಮಸಾಲೆ, ಹತ್ತು ನಿಂಬೆಹಣ್ಣು ಮರೆಯಬೇಡ.

ಮೊಸರು ಈ ಸಲ ಬೇಡಮ್ಮಾ. ಬಿಸಿಲಿನಲ್ಲಿ ಎರಡು ಗಂಟೆ ಇಟ್ಟರೆ ಹುಳಿಯಾಗುತ್ತದೆ, ತಿನ್ನುವವರು ಮಕ್ಕಳು ಅಲ್ವಾ.

ನಾಳೆ ರಾತ್ರಿ ಮನೆಯಲ್ಲೇ ಒಂದು ಪ್ಲೇಟ್ ಹಾಕಿ ನೋಡು, ಆ ಎರಡು ಚಮಚ ಹಿಡಿದೇ. ಪೂರಿ, ಆಲೂಗಡ್ಡೆ, ಈರುಳ್ಳಿ, ಚಟ್ನಿ, ಕೊನೆಗೆ ಸೇವ್. ಚಟ್ನಿ ಸಾಲದು ಅನ್ನಿಸಿದರೆ ರಾತ್ರಿಯೇ ಫೋನ್ ಮಾಡು, ನಮ್ಮ ಮನೆಯಲ್ಲಿ ಹುಣಸೆಹಣ್ಣು ಇದೆ.