ಅಪ್‌ಡೇಟ್: ಅಂಗಡಿ ಗಾಜಿನ ಕ್ಲೇಮ್ ಏನಾಯ್ತು

ನನ್ನ ಪ್ರಶ್ನೆ: "ಮಡಿಕೇರಿಯಲ್ಲಿ ನಮ್ಮ ಅಂಗಡಿಯ ಮುಂದಿನ ಗಾಜು ಮಳೆಗಾಳಿಗೆ ಕೊಂಬೆ ಬಿದ್ದು ಒಡೆದಿದೆ, ಬೋರ್ಡೂ ಹೋಗಿದೆ. ಶಾಪ್ ಪಾಲಿಸಿಯಲ್ಲಿ ಹಣ ಸಿಗುತ್ತಾ?"

ಸಿಕ್ಕಿತು, ಆದರೆ ಪೂರ್ತಿ ಅಲ್ಲ.

"ಚೂರು ಗುಡಿಸಿ ಎಸೀಬೇಡಿ" ಅಂದವರಿಗೆ ತುಂಬಾ ಥ್ಯಾಂಕ್ಸ್. ಜೋಳದ ಕಾಳಿನಂಥ ಚೂರುಗಳನ್ನು ಗೋಣಿಚೀಲಕ್ಕೆ ತುಂಬಿಟ್ಟಿದ್ದೆ. ಸರ್ವೇಯರ್ ಒಂದು ಚೂರು ತೆಗೆದು ದಪ್ಪ ಅಳೆದರು, 12 ಎಂಎಂ. ಟಫನ್ಡ್ ಅನ್ನೋದೂ ಅದರಿಂದಲೇ ಖಚಿತವಾಯ್ತು. ಅದೇ ದಪ್ಪದ ಗಾಜಿನ ಕೊಟೇಶನ್ ಒಪ್ಪಿದರು. 8x6 ಅಡಿ, ಅಂದ್ರೆ 48 ಚದರಡಿ. ಚದರಡಿಗೆ 350ರಂತೆ 16,800 ರೂಪಾಯಿ.

ಫೈರ್ ಸೆಕ್ಷನ್‌ನಲ್ಲಿ ಬಿರುಗಾಳಿ ಅಂತ ಕೇಳಿ ಎಂಬ ಸಲಹೆ ನಡೀಲಿಲ್ಲ. ನಮ್ಮ ಪಾಲಿಸಿಯಲ್ಲಿ ಗಾಜಿಗೆ ಪ್ಲೇಟ್ ಗ್ಲಾಸ್ ಸೆಕ್ಷನ್ ಬೇರೆಯೇ ಇದೆ.

ನನಗೆ ಗೊತ್ತೇ ಇಲ್ಲದ ವಿಷಯ: ಗಾಜಿನ ಮೇಲಿನ ಅಕ್ಷರಗಳನ್ನೂ ಫ್ರೇಮನ್ನೂ ಪಾಲಿಸಿಯಲ್ಲಿ ಬೇರೆಯಾಗಿ ಬರೆಸಿರಬೇಕಂತೆ. ನಾನು ಬರೆಸಿರಲಿಲ್ಲ, ಸ್ಟಿಕರ್‌ನ 2,400 ಕೈಯಿಂದಲೇ ಹೋಯ್ತು. ಬೋರ್ಡಿನ ಒಡೆದ ಅಕ್ರಿಲಿಕ್‌ಗೆ ಸೈನ್‌ಬೋರ್ಡ್ ಸೆಕ್ಷನ್‌ನಲ್ಲಿ ಕೊಟ್ಟರು. ಮೊದಲೇ ಸುಟ್ಟುಹೋಗಿದ್ದ ಎಲ್‌ಇಡಿಗೆ ಇಲ್ಲ, ಅದು ನ್ಯಾಯವೇ ಅಲ್ವಾ.

ಇನ್ನೊಂದು, ಕ್ಲೇಮ್ ಆದಷ್ಟು ವಿಮಾ ಮೊತ್ತ ಕಡಿಮೆಯಾಗಿತ್ತು. ಮಳೆಗಾಲ ಇನ್ನೂ ಬಾಕಿ ಇದೆಯಲ್ಲ, ಸ್ವಲ್ಪ ಪ್ರೀಮಿಯಂ ಕಟ್ಟಿ ಮತ್ತೆ ಪೂರ್ತಿ ಮಾಡಿಸಿದೆ. ಈ ಸಲ ಅಕ್ಷರಗಳನ್ನೂ ಸೇರಿಸಿದ್ದೇನೆ.