ಒಳಗೋಡೆ ಪ್ಲಾಸ್ಟರಿಂಗ್: 5 ಮೂಟೆ ಲೆಕ್ಕ, 11 ಮೂಟೆ ಖಾಲಿ. ಸಿಮೆಂಟ್ ಎಲ್ಲಿ ಹೋಯಿತು?

ಕಲ್ಲಹಳ್ಳಿ ಹೊಸಮನೆ
ಮಂಡ್ಯದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಹಾಲ್ ಮತ್ತು ಒಂದು ರೂಮಿನ ಒಳಗಡೆ ಪ್ಲಾಸ್ಟರಿಂಗ್ ಮುಗಿಯಿತು. ಗೋಡೆ ಅಳತೆ ಸರಿಯಾಗಿ 1000 ಚದರಡಿ, ಬಾಗಿಲು ಕಿಟಕಿ ಕಳೆದು. 12 ಎಂಎಂ ದಪ್ಪ, 1:6 ಮಿಶ್ರಣ. ನಾನೇ ಕೂತು ಲೆಕ್ಕ ಹಾಕಿದ್ದೆ: 39.4 ಸಿಎಫ್‌ಟಿ ಗಾರೆ, ಅದನ್ನು 7ರಿಂದ ಭಾಗಿಸಿದರೆ ಸಿಮೆಂಟ್ 5.6 ಸಿಎಫ್‌ಟಿ, ಅಂದರೆ 5 ಮೂಟೆ ಒಳಗೆ. ಹೋಗಿದ್ದು 11 ಮೂಟೆ! ಎರಡು ಪಟ್ಟಿಗಿಂತ ಜಾಸ್ತಿ. ಇನ್ನೂ 2200 ಚದರಡಿ ಬಾಕಿ ಇದೆ. ಮೇಸ್ತ್ರಿಯನ್ನು ಕೇಳಿದರೆ "ಗೋಡೆ ಕುಡೀತದೆ ಸಾರ್" ಅನ್ನುತ್ತಾನೆ. ಗೋಡೆ ಏನು ಕುಡುಕನಾ? ರಾತ್ರಿ ಮೂಟೆ ಆಚೆ ಹೋಗುತ್ತಿದೆ ಅಂತ ನನ್ನ ಅನುಮಾನ. ಗೊತ್ತಿರುವವರು ಹೇಳಿ.

ಬಾಂಡ್ಲಿ ಬಸಣ್ಣ
ಮರಳು ಒದ್ದೆ ಇತ್ತಾ? ಅದೇ ಕಾರಣ, ಬೇರೆ ಏನೂ ಅಲ್ಲ. ಒದ್ದೆ ಮರಳು ಉಬ್ಬಿರುತ್ತೆ. ಬಾಂಡ್ಲಿ ತುಂಬಿದ ಹಾಗೆ ಕಂಡರೂ ಒಳಗೆ ಮರಳು ಕಮ್ಮಿ. ಹಾಗಾಗಿ ಗೋಡೆ ತುಂಬೋಕೆ ಜಾಸ್ತಿ ಕಲಸಬೇಕು, ಸಿಮೆಂಟ್ ಜಾಸ್ತಿ ಹೋಗುತ್ತೆ. ನನ್ನ ಮನೇಲೂ ಹೀಗೇ ಆಗಿತ್ತು.

ಹೂಟಗಳ್ಳಿ ಸೈಟ್ ಮೇಡಂ
ಮೊದಲು ನಿಮ್ಮ 5 ಮೂಟೆ ಲೆಕ್ಕವೇ ತಪ್ಪು ಸಾರ್. 39.4 ಅಂದರೆ ಗೋಡೆ ಮೇಲೆ ಕೂತ ಮೇಲಿನ ಗಾರೆ. ಒಣ ಸಿಮೆಂಟು, ಒಣ ಮರಳು ನೀರು ಬಿದ್ದ ಕೂಡಲೇ ಕುಗ್ಗುತ್ತೆ. ಅದಕ್ಕೆ 1.3 ರಿಂದ ಗುಣಿಸಬೇಕು. ಇಟ್ಟಿಗೆ ಸಂದು, ಗೋಡೆಯ ತಗ್ಗು, ಕೆಳಗೆ ಬಿದ್ದು ಹೋಗೋದು, ಇದಕ್ಕೆಲ್ಲ ಇನ್ನೊಂದು 20 ಪರ್ಸೆಂಟ್ ಸೇರಿಸಿ.

```
39.4 × 1.2 × 1.3 = 61.5
61.5 / 7 = 8.8
8.8 / 1.226 = 7.2
```

ಕೊನೆಯ 1.226 ಅಂದರೆ ಒಂದು ಮೂಟೆಯ ಸಿಎಫ್‌ಟಿ. ಹಾಗಾಗಿ 12 ಎಂಎಂ ಇದ್ದರೂ 7 ಮೂಟೆ ಮೇಲೆ ಬೇಕೇ ಬೇಕು, ಮರಳು 53 ಸಿಎಫ್‌ಟಿ. ಈಗ 7ರಿಂದ 11ಕ್ಕೆ ಹೇಗೆ ಹೋಯಿತು ಅಂತ ಹುಡುಕೋಣ. ಬಸಣ್ಣ ಅವರೇ, ಒದ್ದೆ ಮರಳಿಂದ 1:6 ಅನ್ನೋದು ಹೆಚ್ಚು ಕಮ್ಮಿ 1:5 ಆಗಬಹುದು. ಆಗ 61.5ನ್ನು 6ರಿಂದ ಭಾಗಿಸಿ, 8.4 ಮೂಟೆ ಬರುತ್ತೆ. ಒಂದು ಮೂಟೆ ಚಿಲ್ಲರೆ ವ್ಯತ್ಯಾಸ, ಅಷ್ಟೇ.

ಗೋಡೆ ಯಾವುದರದ್ದು? ಇಟ್ಟಿಗೆನಾ, ಬ್ಲಾಕಾ?

ಕಲ್ಲಹಳ್ಳಿ ಹೊಸಮನೆ
ಗೋಡೆ ಗೋಡೆನೇ ಅಲ್ವಾ ಮೇಡಂ? ಅದಕ್ಕೂ ಸಿಮೆಂಟ್ ಕಳ್ಳತನಕ್ಕೂ ಏನು ಸಂಬಂಧ?

ಬಾಂಡ್ಲಿ ಬಸಣ್ಣ
ಮೇಡಂ ಕಾಗದದ ಲೆಕ್ಕ ಕಾಗದದಲ್ಲೇ ಇರಲಿ. ಒಂದು ಬಕೆಟ್‌ಗೆ ಒದ್ದೆ ಮರಳು ತುಂಬಿಸಿ, ಎಷ್ಟು ಎತ್ತರ ಇದೆ ಅಂತ ಗುರುತು ಹಾಕಿ. ಮೇಲೆ ನೀರು ಹುಯ್ದು ಕೋಲಲ್ಲಿ ಕಲಕಿ ಬಿಡಿ. ಮರಳು ಎಷ್ಟು ಕೆಳಗೆ ಕೂರುತ್ತೆ ನೋಡಿ. ಆಮೇಲೆ ಮಾತಾಡೋಣ.

ಪಾಂಡವಪುರ ಪಟೇಲ
ಇದೆಲ್ಲ ಪಿ-ಸ್ಯಾಂಡ್ ಬಂದ ಮೇಲಿನ ಕಥೆ. ನಮ್ಮಪ್ಪನ ಕಾಲದ ಮನೆ ಕಾವೇರಿ ಮರಳಲ್ಲಿ ಆಗಿದ್ದು. ಇವತ್ತಿಗೂ ಗೋಡೆಗೆ ಮೊಳೆ ಹೊಡೆದರೆ ಮೊಳೆಯೇ ಬಾಗುತ್ತೆ.

ವಿಜಯನಗರ ಜಿಪ್ಸಮ್
ಸಿಮೆಂಟ್ ಪ್ಲಾಸ್ಟರಿಂಗ್ ಯಾಕೆ ಬೇಕು ಗುರು? ನಮ್ಮ ಮೈಸೂರಿನ ಮನೆಯಲ್ಲಿ ಒಳಗಡೆ ಪೂರ್ತಿ ಜಿಪ್ಸಮ್. ನೀರು ಹಾಕಿ ಕ್ಯೂರಿಂಗ್ ಮಾಡೋ ಗೋಳಿಲ್ಲ, ಕನ್ನಡಿ ಥರ ಇದೆ. ಫೋಟೋ ಹಾಕಲಾ?

ಬಾಂಡ್ಲಿ ಬಸಣ್ಣ
ಬಾತ್‌ರೂಮಿಗೂ ಜಿಪ್ಸಮ್ಮಾ ಗುರು? ನೀರು ಬಿದ್ದ ಮೇಲೆ ಫೋಟೋ ಹಾಕು.

ವಿಜಯನಗರ ಜಿಪ್ಸಮ್
ಬಾತ್‌ರೂಮ್ ಬಿಟ್ಟು ಅಣ್ಣ. ಅಷ್ಟು ಗೊತ್ತಿಲ್ವಾ ನಮಗೆ.

ರಸಮಟ್ಟ
ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಿಸುತ್ತಿದ್ದೇನೆ. ಸಿಮೆಂಟ್ ಎಷ್ಟು ಹೋಯಿತು ಅಂತ ಮಾತ್ರ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೇಸ್ತ್ರಿ 1:4 ಕಲಸಿ 12 ಎಂಎಂ ಹಚ್ಚಿದ್ದರೂ 10 ಮೂಟೆ ಹೋಗುತ್ತೆ. 1:6 ಕಲಸಿ 18 ಎಂಎಂ ಹಚ್ಚಿದ್ದರೂ ಹತ್ತು ಮೂಟೆ ಹತ್ತಿರವೇ ಹೋಗುತ್ತೆ. ಮೂಟೆ ಕಳವಾಗಿದ್ದರೂ ಸಂಖ್ಯೆ ಅಷ್ಟೇ ಬರುತ್ತೆ. ಇವನ್ನು ಬೇರೆ ಬೇರೆ ಮಾಡಿ ತೋರಿಸುವುದು ಮರಳು. ಮೊದಲನೆಯದಕ್ಕೆ ಮರಳು 49 ಸಿಎಫ್‌ಟಿ ಸಾಕು. ಎರಡನೆಯದಕ್ಕೆ 70 ದಾಟಬೇಕು.

ಹೊಸಮನೆಯವರೇ, ಕಳ್ಳನ್ನ ಆಮೇಲೆ ಹಿಡಿಯೋಣ. ಮೊದಲು ಮೂರು ವಿಷಯ ಹೇಳಿ. ಎಷ್ಟು ಮರಳು ಖರ್ಚಾಯಿತು? ಟನ್ ಲೆಕ್ಕ ಬೇಡ, ಒದ್ದೆ ಮರಳಲ್ಲಿ ನೀರೂ ತೂಕಕ್ಕೆ ಬರುತ್ತೆ. ಟ್ರಾಲಿ ಒಳ ಅಳತೆ ಕೊಡಿ, ಉಳಿದ ಗುಡ್ಡೆ ಎಷ್ಟು ಬಾಂಡ್ಲಿ ಅಂತ ಎಣಿಸಿ. ಎರಡನೆಯದು, ಒಂದು ಮೂಟೆಗೆ ಎಷ್ಟು ಬಾಂಡ್ಲಿ ಮರಳು ಹಾಕುತ್ತಾರೆ? ಮೂರನೆಯದು, ಮೇಡಂ ಕೇಳಿದ್ದು. ಗೋಡೆ ಯಾವುದರದ್ದು?

ಕಲ್ಲಹಳ್ಳಿ ಹೊಸಮನೆ
ಸರಿ, ಇವತ್ತು ಬೆಳಿಗ್ಗೆ ಲುಂಗಿ ಕಟ್ಟಿ ನಾನೇ ನಿಂತೆ. ಒಂದು ಮೂಟೆ ಒಡೆದು ಬಾಂಡ್ಲಿಗೆ ಸುರಿಸಿದೆ. ಮಟ್ಟ ಮಾಡಿದರೆ ಸರಿಯಾಗಿ ಮೂರು ಬಾಂಡ್ಲಿ. ಮರಳು ಮೂಟೆಗೆ 18 ಬಾಂಡ್ಲಿ ಹಾಕುತ್ತಾರೆ. ನಾನು ಎಣಿಸುತ್ತಾ ನಿಂತಿದ್ದಕ್ಕೆ ಮೇಸ್ತ್ರಿ ಮುಖ ಊದಿಸಿಕೊಂಡ. ಟ್ರಾಲಿ ಒಳಗಡೆ 10 ಅಡಿ, 6 ಅಡಿ, ಎತ್ತರ ಒಂದೂಮುಕ್ಕಾಲು. ಒಂದೇ ಲೋಡ್, ಅಂಚಿನ ಮಟ್ಟಕ್ಕೆ ಬಂದಿತ್ತು. ಉಳಿದದ್ದು 60 ಬಾಂಡ್ಲಿ.

ಗೋಡೆ: ಹೊರಗೋಡೆ 9 ಇಂಚು ಇಟ್ಟಿಗೆ, ನಾಟಿ ಇಟ್ಟಿಗೆ. ಒಳಗಿನ ಅಡ್ಡಗೋಡೆ 4 ಇಂಚು ಸಾಲಿಡ್ ಬ್ಲಾಕ್. ಇದೂ ಹೇಳಬೇಕಿತ್ತಾ?

ರಸಮಟ್ಟ
ಇದನ್ನೇ ಮೊದಲು ಹೇಳಬೇಕಿತ್ತು! ಈಗ ನೋಡಿ. ಮೂರು ಬಾಂಡ್ಲಿ ಒಂದು ಮೂಟೆ ಅಂದರೆ ಒಂದು ಬಾಂಡ್ಲಿ 0.41 ಸಿಎಫ್‌ಟಿ. ಟ್ರಾಲಿ 105 ಸಿಎಫ್‌ಟಿ, ಉಳಿದದ್ದು 25, ಖರ್ಚಾದದ್ದು 80. ಇನ್ನೊಂದು ಕಡೆಯಿಂದ ಬನ್ನಿ. 11 ಮೂಟೆಗೆ 18ರಂತೆ 198 ಬಾಂಡ್ಲಿ, ಅದು 81 ಸಿಎಫ್‌ಟಿ. ಎರಡೂ ಒಂದೇ. ಅಂದರೆ 11 ಮೂಟೆಯೂ ಕಲಸಿದ್ದಾರೆ, 1:6 ಅಳತೆಯಲ್ಲೇ ಕಲಸಿದ್ದಾರೆ. ಎರಡು ಮೂಟೆ ಆಚೆ ಹೋಗಿದ್ದರೆ 36 ಬಾಂಡ್ಲಿ ಮರಳು ಗುಡ್ಡೆಯಲ್ಲಿ ಹೆಚ್ಚಿಗೆ ಉಳಿಯಬೇಕಿತ್ತು. ಮೇಸ್ತ್ರಿ ಹತ್ತಿರ ಒಂದು ಕಾಫಿ ಕುಡಿದು ರಾಜಿ ಆಗಿ.

ಉಳಿದದ್ದು ದಪ್ಪ. ನಾಟಿ ಇಟ್ಟಿಗೆ ಒಂದು ಒಂದು ಥರ, ಉದ್ದ ಕಮ್ಮಿ ಜಾಸ್ತಿ ಇರುತ್ತೆ. 9 ಇಂಚಿನ ಗೋಡೆಗೆ ದಾರ ಒಂದೇ ಮುಖಕ್ಕೆ ಕಟ್ಟುತ್ತಾರೆ, ಸಾಮಾನ್ಯವಾಗಿ ಹೊರಗಡೆಗೆ. ಹೊರಗಿನ ಮುಖ ನೆಟ್ಟಗೆ ಬರುತ್ತೆ, ಇಟ್ಟಿಗೆಯ ಸೊಟ್ಟೆಲ್ಲ ಒಳಮುಖಕ್ಕೆ ಬೀಳುತ್ತೆ. ಒಳಗಡೆ ಮುಂದೆ ಚಾಚಿದ ಇಟ್ಟಿಗೆ ಮೇಲೆ 10 ಎಂಎಂ ಬರಬೇಕಾದರೆ ಪಕ್ಕದ ತಗ್ಗಿನಲ್ಲಿ 25 ತುಂಬಲೇಬೇಕು. ಮೇಸ್ತ್ರಿ ಹೇಳಿದ "ಗೋಡೆ ಕುಡೀತದೆ" ಅಂದರೆ ಇದೇ.

ಸ್ವಿಚ್ ಬಾಕ್ಸ್ ಇಟ್ಟ ಕಡೆ, ಮೂಲೆಯಲ್ಲಿ, ಹಚ್ಚದೆ ಬಿಟ್ಟ ಅಂಚಿನಲ್ಲಿ ದಪ್ಪ ಅಳೆದು ಹಾಕಿ.

ಬಾಂಡ್ಲಿ ಬಸಣ್ಣ
ಆದರೂ ಮರಳು ಒದ್ದೆ ಇತ್ತು ಅಲ್ವಾ?

ಕಲ್ಲಹಳ್ಳಿ ಹೊಸಮನೆ
ಎಂಟು ಕಡೆ ಅಳೆದೆ. ಹೊರಗೋಡೆಯ ಒಳಮುಖ 19, 21, 20, 24, 22. ಬ್ಲಾಕ್ ಅಡ್ಡಗೋಡೆ 12, 14, 12. ಸರಾಸರಿ 18. ಬಸಣ್ಣ, ಬಕೆಟ್ ಪರೀಕ್ಷೆ ಮಾಡಿದೆ. 12 ಇಂಚು ಇದ್ದ ಮರಳು 10 ಇಂಚಿಗೆ ಕೂತಿತು.

ಹೂಟಗಳ್ಳಿ ಸೈಟ್ ಮೇಡಂ
ಹಾಗಾದರೆ ಲೆಕ್ಕ ಕೂಡಿ ಬಂತು. 18 ಎಂಎಂ ಅಂದರೆ 59 ಸಿಎಫ್‌ಟಿ. ತಗ್ಗೆಲ್ಲ ಅಳತೆಯಲ್ಲೇ ಬಂದಿರೋದರಿಂದ 20 ಪರ್ಸೆಂಟ್ ಬೇಡ, 10 ಸಾಕು. 1.3 ಗುಣಿಸಿದರೆ 84.4. ಬಕೆಟ್ ಪ್ರಕಾರ ಆರು ಬಾಂಡ್ಲಿ ಒದ್ದೆ ಮರಳಲ್ಲಿ ನಿಜವಾಗಿ ಇದ್ದದ್ದು ಐದು. 6ರಿಂದ ಭಾಗಿಸಿದರೆ 14, ಅದು ಹನ್ನೊಂದೂವರೆ ಮೂಟೆ. ಬಸಣ್ಣ ಅವರಿಗೂ ಒಂದೂವರೆ ಮೂಟೆ ಕ್ರೆಡಿಟ್ ಕೊಡೋಣ.

ಬಾಂಡ್ಲಿ ಬಸಣ್ಣ
ನಾನು ಮೊದಲೇ ಹೇಳಲಿಲ್ವಾ.

ಮದ್ದೂರು ನಂಜುಂಡ
ನಮ್ಮ ಮನೆ 1000 ಚದರಡಿ, ಪ್ಲಾಸ್ಟರಿಂಗ್‌ಗೆ 40 ಮೂಟೆ ಹೋಯಿತು. ನಿಮಗೆ ಬರೀ 11 ಅಂದರೆ ಖುಷಿ ಪಡಿ ಸಾರ್.

ಹೂಟಗಳ್ಳಿ ಸೈಟ್ ಮೇಡಂ
ನಂಜುಂಡ ಅವರೇ, ನಿಮ್ಮದು ಮನೆಯ ಅಳತೆ, ಅವರದು ಗೋಡೆಯ ಅಳತೆ. ಒಂದೇ ತಕ್ಕಡಿಗೆ ಹಾಕಬೇಡಿ.

ಕಲ್ಲಹಳ್ಳಿ ಹೊಸಮನೆ
ಈಗ ಬಾಕಿ 2200ಕ್ಕೆ ಎಷ್ಟು ತರಲಿ? ಮತ್ತೆ 24 ಎಂಎಂ ಬಂದ ಗೋಡೆ ಬಿರುಕು ಬಿಡುತ್ತಾ?

ರಸಮಟ್ಟ
ಒಟ್ಟಿಗೆ ಗುಣಿಸಬೇಡಿ. ಬ್ಲಾಕ್ ಗೋಡೆ ಬೇರೆ, ಇಟ್ಟಿಗೆ ಗೋಡೆಯ ಒಳಮುಖ ಬೇರೆ ಅಳೆಯಿರಿ. ಗಾರೆ ಹಚ್ಚುವ ಮುಂಚೆ ಗೋಡೆ ಮೇಲೆ ಟೈಲ್ಸ್ ಚೂರು ಅಂಟಿಸಿ, ತೂಗುಗುಂಡು ಬಿಟ್ಟು ಮಟ್ಟ ಮಾಡಿಸುತ್ತೀರಲ್ಲ, ಆವಾಗಲೇ ದಾರ ಕಟ್ಟಿ ಒಂದೊಂದು ಗೋಡೆಗೆ ಒಂಬತ್ತು ಕಡೆ ದಾರಕ್ಕೂ ಗೋಡೆಗೂ ಅಂತರ ಅಳೆಯಿರಿ. ಸರಾಸರಿ ಸಿಗುತ್ತೆ. ನಿಮ್ಮ ಒದ್ದೆ ಮರಳಿಗೆ 1000 ಚದರಡಿಗೆ ಬ್ಲಾಕ್ ಗೋಡೆಯಾದರೆ ಎಂಟೂವರೆ ಮೂಟೆ, ಇಟ್ಟಿಗೆಯ ಒಳಮುಖವಾದರೆ 13ರ ಹತ್ತಿರ ಹಿಡಿಯಿರಿ. ಒಂದೇ ಸಲ ಎಲ್ಲ ತರಬೇಡಿ, ಸಿಮೆಂಟ್ ಗಟ್ಟಿ ಆಗುತ್ತೆ.

ದಾರ ಕಟ್ಟಿದಾಗ ಒಂದೆರಡು ಇಟ್ಟಿಗೆ ಮಾತ್ರ ತುಂಬ ಮುಂದೆ ಬಂದಿದ್ದರೆ ಅದರ ಮೂಗು ಕೆತ್ತಿಸಿ. ಆ ಒಂದು ಇಟ್ಟಿಗೆಗೋಸ್ಕರ ಇಡೀ ಗೋಡೆ 5 ಎಂಎಂ ದಪ್ಪ ಆಗಿರುತ್ತೆ. ಅರ್ಧ ದಿನದ ಕೆಲಸ, ಎರಡು ಮೂರು ಮೂಟೆ ಉಳಿಯುತ್ತೆ.

24 ಬಂದಿದ್ದನ್ನು ಒಂದೇ ಸಲ ಹಚ್ಚಿದರಾ, ಎರಡು ಪದರದಲ್ಲಾ? ಒಂದೇ ಸಲ ದಪ್ಪ ಹಚ್ಚಿದರೆ ಭಾರಕ್ಕೆ ಜಾರುತ್ತೆ. ಕೀಲಿಕೈಯಲ್ಲಿ ತಟ್ಟಿ ನೋಡಿ. ಡಬ್ಬ ಬಡಿದ ಹಾಗೆ ಸದ್ದು ಬಂದ ಕಡೆ ಗೋಡೆ ಬಿಟ್ಟಿದೆ ಅಂತ. ಮುಂದಿನ ರೂಮಿನಿಂದ 15 ದಾಟುವ ಕಡೆ ಮೊದಲ ಪದರ ಹಚ್ಚಿ, ಕರಣೆಯಲ್ಲಿ ಗೀಚಿ ಬಿಟ್ಟು, ಮಾರನೇ ದಿನ ಎರಡನೆಯದು ಹಚ್ಚಲಿ.

ಹೂಟಗಳ್ಳಿ ಸೈಟ್ ಮೇಡಂ
ಕೊನೆಗೆ ಬೇಗ ಎಳೆಯಲಿ ಅಂತ ಗೋಡೆಗೆ ಒಣ ಸಿಮೆಂಟ್ ಎರಚುತ್ತಾರಾ ನೋಡಿ. ಲೆಕ್ಕಕ್ಕೆ ಸಿಗದ ಸಿಮೆಂಟ್ ಅದು. ಕೂದಲೆಳೆಯಂಥ ಬಿರುಕೂ ಅದರಿಂದಲೇ ಬರುತ್ತೆ.

ಪಾಂಡವಪುರ ಪಟೇಲ
ಕಾವೇರಿ ಮರಳಾಗಿದ್ದರೆ ಬಿರುಕೇ ಇರುತ್ತಿರಲಿಲ್ಲ.

ಬಾಂಡ್ಲಿ ಬಸಣ್ಣ
ಕಾವೇರಿ ಮರಳೂ ಒದ್ದೆ ಆದರೆ ಉಬ್ಬುತ್ತೆ ಪಟೇಲರೇ.

ಕಲ್ಲಹಳ್ಳಿ ಹೊಸಮನೆ
ತಟ್ಟಿ ನೋಡಿದೆ. ಹಾಲ್ ಕಿಟಕಿ ಪಕ್ಕ ಎರಡು ಅಡಿ ಜಾಗ ಡಬ್ಬ ಸದ್ದು, ಅದೇ 24 ಬಂದ ಕಡೆ. ಒಡೆಸುತ್ತೇನೆ. ಮೇಸ್ತ್ರಿಗೆ ಕಾಫಿ ಕೊಡಿಸಿದೆ, ಮುಖ ಸರಿ ಹೋಯಿತು. ಕಾಫಿ ಮುಗಿಸಿ ಅವನು ಕೇಳಿದ್ದು: "12ಕ್ಕೆ ಮಾತಾಡಿದ್ವಿ, 18 ಹಚ್ಚಿದ್ದೀನಿ, ಕೂಲಿ?" ಗೋಡೆ ಕಟ್ಟಿದವನೂ ಅವನೇ. ಈಗ ಕೂಲಿ ಜಾಸ್ತಿ ಕೊಡಬೇಕಾ, ಇಲ್ಲ ಸೊಟ್ಟಗೆ ಕಟ್ಟಿದ್ದಕ್ಕೆ ನಾನೇ ಹಿಡಿಯಬೇಕಾ?

ರಸಮಟ್ಟ
ಇಟ್ಟಿಗೆ ತಂದುಕೊಟ್ಟಿದ್ದು ಯಾರು?

ಕಲ್ಲಹಳ್ಳಿ ಹೊಸಮನೆ
ನಾನೇ.